ಜುಲೈ 20ರೊಳಗೆ ಬಂದರು ಮುಟ್ಟದ ಅಕ್ಕಿ

2023ರ ಜುಲೈ 20ರ ರಾತ್ರಿ ಕೇಂದ್ರ ಸರ್ಕಾರ ಬಾಸ್ಮತಿಯಲ್ಲದ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿ ಆದೇಶ ಹೊರಡಿಸಿತು. ಆ ಹೊತ್ತಿಗೆ ನಮ್ಮ ಸಿರುಗುಪ್ಪದ ಗಿರಣಿಯಿಂದ ಹೊರಟಿದ್ದ ಎರಡು ಕಂಟೇನರ್‌ಗಳಲ್ಲಿ ಒಂದು ಚೆನ್ನೈ ಬಂದರಿನೊಳಗೆ ಹೋಗಿತ್ತು, ಇನ್ನೊಂದು ಆಂಧ್ರದ ರಸ್ತೆಯಲ್ಲಿತ್ತು. ಒಳಗೆ ಹೋದದ್ದು ಹಡಗು ಹತ್ತಿತು. ರಸ್ತೆಯಲ್ಲಿದ್ದದ್ದು ವಾಪಸ್ ಬಂತು. ಎರಡರಲ್ಲೂ ಒಂದೇ ಸೋನಾ ಮಸೂರಿ, ಒಂದೇ ಲಾಟು, ಒಂದೇ ಗಿರಾಕಿ. ಎರಡಕ್ಕೂ ನಡುವೆ ಇದ್ದ ಅಂತರ ಲೋಡಿಂಗ್ ಪ್ಲಾನಿನ ಕೊನೆಯ ಸಾಲಿನಲ್ಲಿ ಬರೆಯುವ ಸ್ಟಫಿಂಗ್ ತಾರೀಖಿನದು ಮಾತ್ರ. ಆ ತಾರೀಖು ಹೇಗೆ ಜಾರಿತು ಎಂಬುದನ್ನು ಬರೆದಿಡಬೇಕೆಂದು ಬಹಳ ದಿನದಿಂದ ಅಂದುಕೊಂಡಿದ್ದೆ.

ನನ್ನ ಮನೆ ಬಳ್ಳಾರಿಯಲ್ಲಿ. ಕೆಲಸ ಸಿರುಗುಪ್ಪದ ಗಿರಣಿಯ ಡಿಸ್ಪ್ಯಾಚ್ ವಿಭಾಗದಲ್ಲಿ. ತುಂಗಭದ್ರಾ ಕಾಲುವೆಯ ನೀರಿನಲ್ಲಿ ಬೆಳೆದ ಭತ್ತ ಇಲ್ಲಿ ಅಕ್ಕಿಯಾಗಿ ಬೆಂಗಳೂರಿಗೂ ಬೇರೆ ಊರುಗಳಿಗೂ ಹೋಗುವುದು ನಿತ್ಯದ ವ್ಯಾಪಾರ. ವಿದೇಶಕ್ಕೆ ಹೋಗುವ ಅಕ್ಕಿಯನ್ನು ಗಿರಣಿ ತಾನೇ ಕಳಿಸುವುದಿಲ್ಲ. ರಫ್ತುದಾರರೊಬ್ಬರು ಆರ್ಡರ್ ತರುತ್ತಾರೆ, ನಾವು ಅಕ್ಕಿ ಮಾಡಿ, ಪ್ಯಾಕ್ ಮಾಡಿ, ಅವರ ಹೆಸರಿನ ಕಾಗದಪತ್ರದ ಮೇಲೆ ಕಂಟೇನರ್ ತುಂಬಿ ಕೊಡುತ್ತೇವೆ. ತುಂಬುವ ಮೊದಲು ಅವರಿಗೆ ಲೋಡಿಂಗ್ ಪ್ಲಾನ್ ಕಳಿಸುವುದು ನನ್ನ ಕೆಲಸ. ಎಷ್ಟು ಪೆಟ್ಟಿಗೆ, ಯಾವ ಅಳತೆ, ಎಷ್ಟು ಸಾಲು, ಎಷ್ಟು ಅಂತಸ್ತು, ಒಂದೊಂದರ ತೂಕ, ಪೆಟ್ಟಿಗೆಯ ಮೇಲೆ ಏನು ಬರೆದಿರುತ್ತದೆ, ಯಾವ ದಿನ ತುಂಬುತ್ತೇವೆ ಎಂಬುದೆಲ್ಲ ಒಂದೇ ಹಾಳೆಯಲ್ಲಿ ಇರುತ್ತದೆ. ಆ ಹಾಳೆಯನ್ನು ನೋಡಿ ರಫ್ತುದಾರರು ಇನ್‌ವಾಯ್ಸ್ ಮತ್ತು ಪ್ಯಾಕಿಂಗ್ ಲಿಸ್ಟ್ ಮಾಡುತ್ತಾರೆ. ಅವರ ಕಸ್ಟಮ್ಸ್ ಏಜೆಂಟ್ ಶಿಪ್ಪಿಂಗ್ ಬಿಲ್ ಹಾಕುತ್ತಾರೆ. ಖಾಲಿ ಕಂಟೇನರ್ ಡಿಪೋದಿಂದ ಹೊರಡುವುದೂ ಅದೇ ತಾರೀಖಿನ ಲೆಕ್ಕಕ್ಕೆ.

ಸಾಮಾನ್ಯವಾಗಿ ಅಕ್ಕಿ ಚೀಲದಲ್ಲಿ ಹೋಗುತ್ತದೆ. ಚೀಲ ಮೆತ್ತಗೆ ಕೂಡುತ್ತದೆ, ಸಂದಿಗೆ ಹೊಂದಿಕೊಳ್ಳುತ್ತದೆ, ಲೆಕ್ಕ ಸುಲಭ. ಈ ಆರ್ಡರು ಕೊಲ್ಲಿ ದೇಶದ ಅಂಗಡಿಗಳಿಗೆ. ಒಂದು ಕಿಲೋದ ಪ್ಯಾಕೆಟ್ಟು, 20 ಪ್ಯಾಕೆಟ್ಟಿಗೆ ಒಂದು ರಟ್ಟಿನ ಪೆಟ್ಟಿಗೆ. ಪೆಟ್ಟಿಗೆಯ ಹೊರ ಅಳತೆಯನ್ನು ರಫ್ತುದಾರರೇ ಗಿರಾಕಿಯಿಂದ ತಂದು ಕೊಟ್ಟರು: ಉದ್ದ 40 ಸೆಂಟಿಮೀಟರ್, ಅಗಲ 30, ಎತ್ತರ 24. ಪೆಟ್ಟಿಗೆ ಮಾಡಿಸುವವರೂ ಅವರೇ, ನಮ್ಮಲ್ಲಿಗೆ ಬಂದು ಬೀಳುವುದಷ್ಟೇ.

ನಾನು ಆಗಲೇ ಕೇಳಿದ್ದೆ, ಒಂದು ಪೆಟ್ಟಿಗೆ ಮೊದಲು ಕಳಿಸಿ, ಅಕ್ಕಿ ತುಂಬಿ ಅಂಟಿಸಿ ಅಳೆದು ಪ್ಲಾನ್ ಕೊಡುತ್ತೇನೆ ಅಂತ. ಯಾಕೆ ಕೇಳಿದೆ ಎಂದರೆ, 24 ಸೆಂಟಿಮೀಟರ್ ಎತ್ತರದ ಪೆಟ್ಟಿಗೆಯಲ್ಲಿ ರಟ್ಟಿನ ದಪ್ಪ ಕಳೆದರೆ ಒಳಗೆ ಉಳಿಯುವ ಜಾಗ ಸುಮಾರು 25 ಲೀಟರು. ನಮ್ಮ ಸೋನಾ ಮಸೂರಿ 20 ಕಿಲೋ ಸುರಿದರೇ 24 ಲೀಟರಿನ ಮೇಲೆ ಆಗುತ್ತದೆ. ಪ್ಯಾಕೆಟ್ಟಿನಲ್ಲಿದ್ದರೆ ಮಡಿಕೆ, ಮೂಲೆ, ಗಾಳಿ ಎಲ್ಲ ಸೇರಿ ಇನ್ನೂ ಜಾಸ್ತಿ. ಅಂಥ ಪೆಟ್ಟಿಗೆ ಉಬ್ಬದೆ ಇರುವುದಿಲ್ಲ. ಆದರೆ ಅವರ ಕಚೇರಿಯಿಂದ ಬಂದ ಉತ್ತರ ಇಷ್ಟೇ: "ಟೈಮಿಲ್ಲ, ಇದೇ ಅಳತೆ ಮೇಲೆ ಪ್ಲಾನ್ ಕಳಿಸಿ, ಕಂಟೇನರ್ ಬುಕ್ ಮಾಡ್ಬೇಕು."

ಕಳಿಸಿದೆ. 20 ಅಡಿ ಕಂಟೇನರಿನ ಒಳ ಉದ್ದ ಸುಮಾರು 589 ಸೆಂಟಿಮೀಟರ್, ಅಗಲ 235, ಎತ್ತರ 239. ಮುಖ್ಯವಾದದ್ದು ಅಗಲ. ಎಲ್ಲ ಪೆಟ್ಟಿಗೆಗಳನ್ನು ಒಂದೇ ದಿಕ್ಕಿಗೆ ಇಟ್ಟರೆ ಜಾಗ ಹಾಳಾಗುತ್ತದೆ. ಎರಡು ಪೆಟ್ಟಿಗೆಯನ್ನು ಉದ್ದದ ಮಗ್ಗುಲು ಅಡ್ಡಕ್ಕೆ, ಐದನ್ನು ಅಗಲದ ಮಗ್ಗುಲು ಅಡ್ಡಕ್ಕೆ ಇಟ್ಟರೆ 80 ಮತ್ತು 150 ಸೇರಿ 230 ಆಗುತ್ತದೆ. ಐದು ಸೆಂಟಿಮೀಟರು ಮಾತ್ರ ಉಳಿಯುತ್ತದೆ. ಬಾಗಿಲಿನ ತನಕ ಈ ಕ್ರಮದಲ್ಲಿ ಜೋಡಿಸಿದರೆ ಒಂದು ಅಂತಸ್ತಿಗೆ 108 ಪೆಟ್ಟಿಗೆ, 9 ಅಂತಸ್ತಿಗೆ 972. ಎರಡು ಕಂಟೇನರಿಗೆ 1,944. ಒಂದೊಂದು ಪೆಟ್ಟಿಗೆಯ ಒಟ್ಟು ತೂಕ 20.8 ಕಿಲೋ. ಸ್ಟಫಿಂಗ್ ಜುಲೈ 14 ಮತ್ತು 15. ಪ್ಲಾನಿನ ಕೆಳಗೆ ಒಂದು ಸಾಲು ಬರೆದಿದ್ದೆ: ಈ ಎಣಿಕೆ ಖಾಲಿ ಪೆಟ್ಟಿಗೆಯ ಅಳತೆಯ ಮೇಲೆ, ತುಂಬಿದ ಪೆಟ್ಟಿಗೆ ಅಳೆದ ಮೇಲೆ ಖಚಿತ. ಆ ಸಾಲನ್ನು ಯಾರೂ ಓದಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ಪೆಟ್ಟಿಗೆಗಳು ಬಂದವು. ಐದು ಪದರದ ರಟ್ಟು ಅಂತ ಮಾತಾಗಿತ್ತು, ಬಂದದ್ದು ಮೂರು ಪದರದ್ದು. ಪ್ಯಾಕೆಟ್ ತುಂಬಿ ಟೇಪು ಹೊಡೆದು ಗೋದಾಮಿನ ನೆಲದ ಮೇಲೆ ಜೋಡಿಸಿ ನೋಡಿದೆವು. ಉದ್ದ, ಅಗಲ ಎರಡೂ ಉಬ್ಬಿ ಸುಮಾರು ಒಂದೊಂದು ಸೆಂಟಿಮೀಟರು ಹೆಚ್ಚಾಗಿದ್ದವು. ಒಂದು ಸೆಂಟಿಮೀಟರು ಅಂದರೆ ಕೇಳುವವರಿಗೆ ಏನೂ ಅಲ್ಲ. ಅಗಲಕ್ಕೆ ಏಳು ಪೆಟ್ಟಿಗೆ ಕೂಡಿಸಬೇಕಾದ ಕಡೆ 230 ಇದ್ದದ್ದು 237 ಆಯಿತು. ಕಂಟೇನರಿನ ಅಗಲ 235.

ನಮ್ಮ ಹಮಾಲರ ತಂಡ ಕುರುಗೋಡಿನದು. ಅವರ ಮೇಸ್ತ್ರಿ ಎಷ್ಟೋ ವರ್ಷದಿಂದ ಲಾರಿ, ಕಂಟೇನರ್ ತುಂಬಿದವರು, ಟೇಪು ಹಿಡಿಯದೆ ಕಣ್ಣಲ್ಲೇ ಅಳೆಯುವವರು. ನೆಲದ ಮೇಲಿನ ಸಾಲು ನೋಡಿ ಹೇಳಿದರು: "ಇವು ಏಳು ಕೂಡಂಗಿಲ್ಲ ಸಾರ್. ಒತ್ತಿ ಕೂಡ್ಸಿದ್ರೆ ಕೆಳಗಿನವು ಹರೀತಾವ." ಅವರು ಹೇಳಿದ್ದು ಸರಿ. ಒತ್ತಿ ತುಂಬಿದರೆ ಒಂಬತ್ತು ಅಂತಸ್ತಿನ ಭಾರಕ್ಕೆ ಕೆಳಗಿನ ಪೆಟ್ಟಿಗೆಯ ಮೂಲೆ ಒಡೆಯುತ್ತದೆ, ಮೇಲಿನ ಸಾಲು ವಾಲುತ್ತದೆ, ಹಡಗಿನ ಅಲುಗಾಟಕ್ಕೆ ಬಾಗಿಲ ಮೇಲೆ ಬೀಳುತ್ತದೆ. ಆ ಕಡೆ ಬಾಗಿಲು ತೆಗೆದವನ ಮೈಮೇಲೆ ಪೆಟ್ಟಿಗೆ ಬಿದ್ದರೆ ಅದರ ಹೊಣೆ ಯಾರದು?

ಹೊಸ ಲೆಕ್ಕ ಹಾಕಿದೆ. ಉದ್ದದ ಮಗ್ಗುಲು ಅಡ್ಡಕ್ಕೆ ನಾಲ್ಕು, ಅಗಲದ ಮಗ್ಗುಲು ಅಡ್ಡಕ್ಕೆ ಎರಡು. ಉಬ್ಬು ಸೇರಿ 226 ಸೆಂಟಿಮೀಟರ್. ಉಳಿದ ಸಂದಿಗೆ ಮಡಚಿದ ರಟ್ಟು ತುರುಕಿದರೆ ಸಾಲು ಅಲುಗುವುದಿಲ್ಲ. ಅಂತಸ್ತಿಗೆ 100, ಕಂಟೇನರಿಗೆ 900. ಒಂದಕ್ಕೆ 72 ಪೆಟ್ಟಿಗೆ ಕಮ್ಮಿ, ಎರಡಕ್ಕೆ ಸೇರಿ 144.

ಇಲ್ಲಿಂದ ಕಷ್ಟ ಶುರು. ಪೆಟ್ಟಿಗೆ ಎಣಿಕೆ ಬದಲಾದರೆ ಕಂಟೇನರಿನೊಳಗಿನ ಜೋಡಣೆ ಬದಲಾಗಿ ಸುಮ್ಮನಾಗುವುದಿಲ್ಲ, ಪೆಟ್ಟಿಗೆಯ ಮೇಲಿನ ಬರಹವೂ ಬದಲಾಗಬೇಕು. ಶಿಪ್ಪಿಂಗ್ ಮಾರ್ಕ್ ಎಂದರೆ ಅಂಗಡಿಯ ಜಾಹೀರಾತಲ್ಲ, ಆ ಕಡೆಯ ಬಂದರಿನಲ್ಲಿ ಸಾವಿರಾರು ಪೆಟ್ಟಿಗೆಗಳ ನಡುವೆ ಇದು ಯಾರದು, ಯಾವ ಕಾಗದಕ್ಕೆ ಸೇರಿದ್ದು ಎಂದು ಗುರುತಿಸುವ ಗುರುತು. ನಮ್ಮ ಪೆಟ್ಟಿಗೆಯ ಮೇಲೆ ಚೌಕುಳಿಯೊಳಗೆ ಗಿರಾಕಿಯ ಚುಟುಕು ಹೆಸರು, ಕೆಳಗೆ ಆರ್ಡರ್ ನಂಬರು, ಇಳಿಯುವ ಬಂದರು, ಪೆಟ್ಟಿಗೆಯ ಕ್ರಮಸಂಖ್ಯೆ ಮತ್ತು ಒಟ್ಟು ಸಂಖ್ಯೆ, ನಿವ್ವಳ ತೂಕ, ಒಟ್ಟು ತೂಕ, ಭಾರತದ ಉತ್ಪನ್ನ ಎಂಬ ಸಾಲು ಇರಬೇಕಿತ್ತು. ಒಟ್ಟು ಸಂಖ್ಯೆ 1,944 ಎಂದು ಅಚ್ಚಾಗಿತ್ತು. ಹೋಗುವುದು 1,800. ಒಟ್ಟು 1,944 ಎಂದು ಬರೆದ ಪೆಟ್ಟಿಗೆಗಳು 1,800 ಮಾತ್ರ ಇಳಿದರೆ, ಉಳಿದ 144 ಕಳುವಾಗಿವೆ ಎಂದೇ ಅರ್ಥ. ಕಾಗದದಲ್ಲಿ ಒಂದು, ಪೆಟ್ಟಿಗೆಯ ಮೇಲೆ ಇನ್ನೊಂದು ಇದ್ದರೆ ಇಲ್ಲಿನ ಕಸ್ಟಮ್ಸ್‌ನವರೂ ನಿಲ್ಲಿಸಬಹುದು, ಅಲ್ಲಿಯವರೂ ನಿಲ್ಲಿಸಬಹುದು.

ಪ್ಲಾನನ್ನು ತಿದ್ದಿ ಕಳಿಸಿದೆ. ರಫ್ತುದಾರರ ಕಚೇರಿಯಿಂದ ಫೋನು. ಮಾತಾಡಿದವರು ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಆದರೂ ನಾನು 'ಸಾರ್' ಅಂತಲೇ ಮಾತಾಡಿಸುತ್ತಿದ್ದೆ.

"972 ಅಂತ ನೀವೇ ಕೊಟ್ಟಿದ್ರಲ್ಲ? ಇನ್‌ವಾಯ್ಸ್ ಎಲ್ಲಾ ಹೋಗಿದೆ."

"ಸಾರ್, ತುಂಬಿದ ಪೆಟ್ಟಿಗೆ ಅಳೆದ ಮೇಲೆ ಖಚಿತ ಅಂತ ಕೆಳಗಡೆ ಬರದೀನಿ. ಐದು ಪದರದ ಬದಲು ಮೂರು ಪದರದ್ದು ಬಂದೈತಿ. ಫೋಟೋ ಹಾಕೀನಿ ನೋಡ್ರಿ."

"18 ಪ್ಯಾಕೆಟ್ ಹಾಕಿ ಮುಚ್ಚಿಬಿಡಿ."

"ಅಚ್ಚಾದ ತೂಕ ಸುಳ್ಳಾಗ್ತೈತಿ ಸಾರ್. ಒಂದೊಂದು ಪೆಟ್ಟಿಗಿಗೆ ಎರಡು ಕಿಲೋ ಕಮ್ಮಿ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ಗಿರಾಕಿಯನ್ನು ಕೇಳಿ ಹೇಳುತ್ತೇನೆ ಎಂದರು. ಗಿರಾಕಿ 1,800ಕ್ಕೆ ಒಪ್ಪಿದರು. ಆದರೆ ಹೇಗೂ ಮಾರ್ಕು ಬದಲಾಗುತ್ತಿದೆಯಲ್ಲ ಎಂದು ಆರ್ಡರ್ ನಂಬರನ್ನೂ ಬದಲಿಸಿ, ಚೌಕುಳಿಯೊಳಗಿನ ಹೆಸರನ್ನೂ ಬೇರೆ ಕಂಪನಿಯ ಹೆಸರಿಗೆ ತಿರುಗಿಸಿ ಕಳಿಸಿದರು. ಅಂದರೆ ಒಂದು ಸಂಖ್ಯೆ ತಿದ್ದುವ ಕೆಲಸ, ಇಡೀ ಮಾರ್ಕನ್ನು ಮುಚ್ಚಿ ಹೊಸ ಚೀಟಿ ಅಂಟಿಸುವ ಕೆಲಸವಾಯಿತು. ಅಕ್ಕಪಕ್ಕದ ಎರಡು ಮಗ್ಗುಲಿಗೆ ಮಾರ್ಕು ಬೇಕು. ಹಾಗಾಗಿ 3,600 ಚೀಟಿ, ಜೋಡಿಗೊಂದು ಕ್ರಮಸಂಖ್ಯೆ.

ಚೀಟಿಗಳನ್ನು ಬಳ್ಳಾರಿಯಲ್ಲೇ ಅಚ್ಚು ಮಾಡಿಸಿದೆವು. ಜೀನ್ಸ್ ಹೊಲಿಯುವವರ ಲೇಬಲ್ ಕೆಲಸದಲ್ಲಿ ಪಳಗಿದ ಅಚ್ಚುಮನೆಗಳು ಇಲ್ಲಿವೆ. ಆದರೆ ರಫ್ತುದಾರರಿಂದ ಅಂತಿಮ ಒಪ್ಪಿಗೆ ಬರೆಹದಲ್ಲಿ ಬರುವ ತನಕ ಅಚ್ಚಿಗೆ ಕೊಡಲು ನಾನು ಒಪ್ಪಲಿಲ್ಲ. ಆ ಒಪ್ಪಿಗೆಗೆ ಕಾಯುವುದರಲ್ಲೇ ಸ್ಟಫಿಂಗಿನ ಎರಡೂ ತಾರೀಖು ದಾಟಿ ಹೋದವು. ಚೀಟಿಗಳು ಬಂದ ಮೇಲೆ ಗೋದಾಮಿನಲ್ಲಿ ಹೆಂಗಸರು ಸಾಲಾಗಿ ಕೂತು ಹಳೆಯ ಅಚ್ಚು ಪೂರ್ತಿ ಮುಚ್ಚುವ ಹಾಗೆ ಅಂಟಿಸುತ್ತ ಹೋದರು. ಹೊರಗೆ ಮಳೆಗಾಲದ ತೇವ. ರಟ್ಟು ತೇವ ಕುಡಿದಿದ್ದರೆ ಚೀಟಿ ಮೂಲೆಯಲ್ಲಿ ಏಳುತ್ತದೆ. ಎದ್ದದ್ದನ್ನು ತೆಗೆದು ಮತ್ತೆ ಅಂಟಿಸಿದರು.

ತಾರೀಖು ಜಾರಿದರೆ ಏನು ಮಹಾ ಎಂದು ಹೊರಗಿನವರಿಗೆ ಅನ್ನಿಸಬಹುದು. ಸ್ಟಫಿಂಗ್ ತಾರೀಖನ್ನು ಹಿಂದಿನಿಂದ ಎಣಿಸಿ ಇಡುತ್ತೇವೆ. ಹಡಗಿಗೆ ಸರಕು ಒಪ್ಪಿಸುವ ಕೊನೆಯ ಗಡುವು ಮೊದಲು, ಅದರ ಹಿಂದೆ ಬಂದರಿನ ಗೇಟಿನ ಸಾಲು, ಅದರ ಹಿಂದೆ ಸಿರುಗುಪ್ಪದಿಂದ ಬಳ್ಳಾರಿ, ಅನಂತಪುರ, ಕಡಪ, ರೇಣಿಗುಂಟದ ಮೇಲೆ ಚೆನ್ನೈ ತನಕದ 500 ಕಿಲೋಮೀಟರ್ ಮೀರಿದ ದಾರಿ, ಅದರ ಹಿಂದೆ ತುಂಬುವ ದಿನ. ಖಾಲಿ ಕಂಟೇನರನ್ನು ಇಂತಿಷ್ಟು ದಿನದೊಳಗೆ ಎತ್ತಬೇಕೆಂಬ ಷರತ್ತು ಹಡಗು ಕಂಪನಿಯದು. ಆ ಅವಧಿ ಮುಗಿದರೆ ಮತ್ತೆ ಅನುಮತಿ ಕೇಳಬೇಕು. ನಮ್ಮದು ಮುಗಿದಿತ್ತು. ಮತ್ತೆ ಸಿಕ್ಕಾಗ ಎರಡೂ ಒಟ್ಟಿಗೆ ಸಿಗಲಿಲ್ಲ.

ಮೊದಲ ಕಂಟೇನರ್ ಜುಲೈ 18ಕ್ಕೆ ಬಂತು. ನಮ್ಮ ಪದ್ಧತಿಯಂತೆ ಇಬ್ಬರು ಒಳಗೆ ನಿಂತು ಬಾಗಿಲು ಮುಚ್ಚಿಸಿಕೊಂಡು ಬೆಳಕು ತೂರುವ ತೂತು ಇದೆಯೇ ನೋಡಿದರು. ಸೂಜಿಮೊನೆಯಷ್ಟು ಬೆಳಕು ಕಂಡರೂ ಮಳೆನೀರು ಅಲ್ಲಿಂದಲೇ ಬರುತ್ತದೆ. ನೆಲದ ಹಲಗೆ ಒಣಗಿದೆಯೇ, ಹಿಂದಿನ ಸರಕಿನ ವಾಸನೆ ಇದೆಯೇ ನೋಡಿದೆವು. ಒಳಗೋಡೆಗೆ ಕಂದು ಕಾಗದ ಹಾಸಿ, ತೇವ ಹೀರುವ ಚೀಲಗಳನ್ನು ತೂಗುಹಾಕಿ, 900 ಪೆಟ್ಟಿಗೆ ತುಂಬಿದೆವು. ಮಾರ್ಕು ಬಾಗಿಲ ಕಡೆ ಕಾಣುವ ಹಾಗೆ ಕೊನೆಯ ಸಾಲು. ಪ್ರತಿ ಸಾಲು ಮುಗಿದಾಗಲೂ ಮೇಸ್ತ್ರಿ ಒಂದು ಕಡೆ, ನಾನೊಂದು ಕಡೆ ಎಣಿಸಿ ಹೊಂದಿಸಿದೆವು. ಬಾಗಿಲಿಗೆ ಎಲೆಕ್ಟ್ರಾನಿಕ್ ಸೀಲು ಹಾಕಿ, ಸೀಲಿನ ನಂಬರು, ಹಾಕಿದ ದಿನ ಮತ್ತು ಸಮಯ, ಶಿಪ್ಪಿಂಗ್ ಬಿಲ್ ನಂಬರು, ಕಂಟೇನರ್ ನಂಬರು, ಲಾರಿ ನಂಬರು ಎಲ್ಲ ರಫ್ತುದಾರರಿಗೆ ಕಳಿಸಿದೆ. 2017ರಲ್ಲಿ ಈ ಪದ್ಧತಿ ಬಂದ ಮೇಲೆ ಅಧಿಕಾರಿ ಗಿರಣಿಗೆ ಬಂದು ನಿಂತು ಸೀಲು ಹಾಕಿಸುವುದು ಹೋಗಿದೆ. ಬಂದರಿನಲ್ಲಿ ಸೀಲನ್ನು ಓದುಯಂತ್ರದಿಂದ ನೋಡುತ್ತಾರೆ, ವಿವರ ಹೊಂದದಿದ್ದರೆ ಲಾರಿ ಬದಿಗೆ. ನಮ್ಮದು ಹೊಂದಿತು. 20ರ ಬೆಳಿಗ್ಗೆ ಒಳಗೆ ಹೋಯಿತೆಂದು ಡ್ರೈವರ್ ಫೋನು ಮಾಡಿದ.

ಎರಡನೆಯದು ಸಿರುಗುಪ್ಪ ಮುಟ್ಟಿದ್ದೇ 20ಕ್ಕೆ. ತುಂಬಿ, ಸೀಲು ಹಾಕಿ, ತೂಕ ಮಾಡಿಸಿ ಕಳಿಸುವಾಗ ಸಂಜೆ. ಆ ದಿನ ಮಧ್ಯಾಹ್ನದಿಂದಲೇ ಗಿರಣಿಗಳಲ್ಲಿ ಗುಸುಗುಸು ಇತ್ತು, ಸರ್ಕಾರ ಏನೋ ಮಾಡುತ್ತದೆ ಅಂತ. ಹಿಂದಿನ ವರ್ಷ, 2022ರ ಸೆಪ್ಟೆಂಬರಿನಲ್ಲಿ, ನುಚ್ಚಿನ ರಫ್ತು ನಿಲ್ಲಿಸಿ ಬಿಳಿ ಅಕ್ಕಿಗೆ ಶೇ. 20 ಸುಂಕ ಹಾಕಿದ್ದರು. ಸುಂಕ ಇನ್ನೂ ಏರಬಹುದು ಎಂದು ಜನ ಅಂದುಕೊಂಡಿದ್ದರು. ರಾತ್ರಿ ಬಳ್ಳಾರಿಯ ಮನೆಗೆ ಬಂದ ಮೇಲೆ ಪೂರ್ತಿ ನಿಷೇಧದ ಆದೇಶದ ಪ್ರತಿ ಮೊಬೈಲಿಗೆ ಬಂತು. ಅದರಲ್ಲಿ ಯಾವುದಕ್ಕೆ ವಿನಾಯಿತಿ ಎಂದು ಬರೆದಿತ್ತು: ಆದೇಶಕ್ಕೆ ಮುಂಚೆ ಹಡಗಿಗೆ ಏರಿಸಲು ಶುರುವಾಗಿದ್ದರೆ, ಇಲ್ಲವೆ ಶಿಪ್ಪಿಂಗ್ ಬಿಲ್ ಆಗಿ ಹಡಗು ಬಂದು ಲಂಗರು ಹಾಕಿದ್ದರೆ, ಇಲ್ಲವೆ ಸರಕನ್ನು ಕಸ್ಟಮ್ಸ್‌ಗೆ ಒಪ್ಪಿಸಿ ಅವರ ವ್ಯವಸ್ಥೆಯಲ್ಲಿ ದಾಖಲಾಗಿದ್ದರೆ. ತುಂಬಿ ಸೀಲು ಹಾಕಿ ರಸ್ತೆಯಲ್ಲಿರುವ ಸರಕಿನ ಬಗ್ಗೆ ಒಂದು ಮಾತೂ ಇಲ್ಲ. ಮತ್ತೆ ಮತ್ತೆ ಓದಿದೆ. ಹೆಂಡತಿ ಊಟಕ್ಕೆ ಕರೆದದ್ದು ಕೇಳಿಸಿತು, ಏಳಲಾಗಲಿಲ್ಲ.

ಡ್ರೈವರಿಗೆ ಫೋನು ಮಾಡಿದಾಗ ತಾಡಿಪತ್ರಿ ದಾಟಿದ್ದ. "ಮುಂದಕ್ಕೆ ಹೋಗ್ಲಾ ಅಣ್ಣ, ನಿಲ್ಲಸ್ಲಾ?" ಅಂದ. ರಫ್ತುದಾರರ ಫೋನು ಬಹಳ ಹೊತ್ತು ಸಿಗಲಿಲ್ಲ. ಸಿಕ್ಕಾಗ ಮುಂದೆ ಹೋಗಲಿ, ನೋಡೋಣ ಎಂದರು. ಬಂದರಿನ ಹೊರಗೆ ಅವನು ದಿನಗಟ್ಟಲೆ ನಿಂತ. ಲಾರಿ ನಿಂತ ಬಾಡಿಗೆ, ಕಂಟೇನರ್ ಇಟ್ಟುಕೊಂಡ ಬಾಡಿಗೆ ದಿನಕ್ಕೆ ದಿನ ಏರಿತು. ಕೊನೆಗೆ ಶಿಪ್ಪಿಂಗ್ ಬಿಲ್ ರದ್ದು ಮಾಡಿಸಿ ಸಿರುಗುಪ್ಪಕ್ಕೆ ವಾಪಸ್ ಕಳಿಸಿದರು.

ಸೀಲು ಕತ್ತರಿಸಿ ಬಾಗಿಲು ತೆಗೆದಾಗ ಸಾಲುಗಳು ಕಟ್ಟಿದ ಹಾಗೇ ನಿಂತಿದ್ದವು, ಒಂದು ಮೂಲೆಯೂ ಒಡೆದಿರಲಿಲ್ಲ. ಕುರುಗೋಡಿನ ತಂಡವೇ ಬಂದು ಇಳಿಸಿತು. ಆ ಅಕ್ಕಿಯನ್ನು ಹಾಗೇ ಇಲ್ಲಿ ಮಾರಲು ಬರುವುದಿಲ್ಲ. ಪ್ಯಾಕೆಟ್ಟಿನ ಮೇಲೆ ವಿದೇಶಿ ಆಮದುದಾರರ ಹೆಸರಿದೆ, ನಮ್ಮ ಕಾನೂನು ಕೇಳುವ ಗರಿಷ್ಠ ಮಾರಾಟ ಬೆಲೆ ಇಲ್ಲ. 18,000 ಪ್ಯಾಕೆಟ್ಟುಗಳನ್ನು ಒಂದೊಂದಾಗಿ ಕತ್ತರಿಸಿ ಸುರಿದು, ಜರಡಿ ಹಿಡಿದು, 26 ಕಿಲೋದ ಚೀಲಕ್ಕೆ ತುಂಬಿದೆವು. 25 ಕಿಲೋ ತನಕದ ಲೇಬಲ್ ಇರುವ ಚೀಲಕ್ಕೆ 2022ರ ಜುಲೈಯಿಂದ ಶೇ. 5 ಜಿಎಸ್‌ಟಿ ಇದೆ, ಅದಕ್ಕೇ ನಮ್ಮ ಕಡೆ 26ರ ಚೀಲ. 692 ಚೀಲ ಆಯಿತು. ಚೀಟಿ ಅಂಟಿಸಿದ್ದ ಹೆಂಗಸರೇ, ತಾವೇ ಮುಚ್ಚಿದ ಪ್ಯಾಕೆಟ್ಟುಗಳನ್ನು ಕತ್ತರಿಸುತ್ತ ಕೂತಿದ್ದರು. ಕೂಲಿ ಕೊಟ್ಟೆವು, ಆದರೂ ಅವರ ಮುಖ ನೋಡಲು ನನಗೆ ಕಷ್ಟವಾಯಿತು. ಪ್ಯಾಕೆಟ್ಟು, ಪೆಟ್ಟಿಗೆ, ಚೀಟಿ, ಲಾರಿ, ಕೂಲಿ, ಎಲ್ಲ ಸೇರಿದ ನಷ್ಟದಲ್ಲಿ ಗಿರಣಿಯ ಪಾಲು ಎಷ್ಟು, ರಫ್ತುದಾರರ ಪಾಲು ಎಷ್ಟು ಎಂಬ ಮಾತು ತಿಂಗಳುಗಟ್ಟಲೆ ನಡೆಯಿತು. ನಾನು ಮೊದಲು ಕಳಿಸಿದ ಪ್ಲಾನಿನ ಕೆಳಗಿನ ಸಾಲೊಂದೇ ಗಿರಣಿಯ ಕಡೆ ಇದ್ದ ಆಧಾರ. ಅದರ ಮೇಲೆ ಪೆಟ್ಟಿಗೆ ಮತ್ತು ಮಾರ್ಕಿನ ಖರ್ಚನ್ನು ಅವರು ಒಪ್ಪಿದರು. ಉಳಿದದ್ದು ಹಂಚಿಕೆಯಾಯಿತು.

ನಿಷೇಧ ಬರುವುದು ಯಾರ ಕೈಯಲ್ಲೂ ಇರಲಿಲ್ಲ. ಆದರೆ ಮೊದಲ ತಾರೀಖುಗಳೇ ನಡೆದಿದ್ದರೆ ಎರಡೂ ಕಂಟೇನರ್ ಆದೇಶಕ್ಕೆ ಬಹಳ ಮುಂಚೆ ಬಂದರಿನೊಳಗೆ ಇರುತ್ತಿದ್ದವು. ಒಂದು ಪೆಟ್ಟಿಗೆಯನ್ನು ಮುಂಚಿತವಾಗಿ ಕಳಿಸಿಕೊಟ್ಟಿದ್ದರೆ ಎಣಿಕೆ ಮೊದಲೇ 900 ಆಗುತ್ತಿತ್ತು, ಎಣಿಕೆ ನಿಂತಿದ್ದರೆ ಮಾರ್ಕು ತಿದ್ದುವ ಪ್ರಸಂಗವೇ ಬರುತ್ತಿರಲಿಲ್ಲ. ಈಗ ನಮ್ಮ ಗಿರಣಿಯಲ್ಲಿ ತುಂಬಿದ ಪೆಟ್ಟಿಗೆ ಅಳೆಯದೆ ಪ್ಲಾನ್ ಹೊರಡುವುದಿಲ್ಲ, ಮಾರ್ಕಿನ ಫೋಟೋಕ್ಕೆ ಲಿಖಿತ ಒಪ್ಪಿಗೆ ಬಾರದೆ ಸ್ಟಫಿಂಗ್ ತಾರೀಖು ಬರೆಯುವುದಿಲ್ಲ. ಸರ್ಕಾರ 2024ರ ಸೆಪ್ಟೆಂಬರ್ 28ರಂದು ನಿಷೇಧ ತೆಗೆಯಿತು. ಮತ್ತೆ ರಫ್ತಿಗೆ ಇಳಿಯುತ್ತಿರುವ ಸಿರುಗುಪ್ಪ, ಗಂಗಾವತಿ, ಕಾರಟಗಿ ಕಡೆಯ ಗಿರಣಿಗಳ ಗುಮಾಸ್ತ ಮಿತ್ರರಲ್ಲಿ ನನ್ನ ಕೇಳಿಕೆ ಇದು: ರಫ್ತುದಾರರು ಎಷ್ಟೇ ಅವಸರ ಮಾಡಲಿ, ಒಂದು ಪೆಟ್ಟಿಗೆ ತರಿಸಿ, ಅಕ್ಕಿ ತುಂಬಿ, ಟೇಪು ಹೊಡೆದು ಅಳೆದ ಮೇಲೆಯೇ ಸಂಖ್ಯೆ ಕೊಡಿ.